ಸಂಧಿಯ ಮರೆಯಲ್ಲಿ ವಿಭಕ್ತಿ

(ಸಂಘದ ವಾಚನಾಲಯದಲ್ಲಿ ಎಸ್.ಎಸ್.ಸಿ. ವಿದ್ಯಾರ್ಥಿಗಳ ಮತ್ತು ಅವರ ತಂದೆತಾಯಂದಿರ ಮುಂದೆ ಮಾಡಿದ ಭಾಷಣ)



ಸಂಸ್ಕೃತದ ಪ್ರಶ್ನೆಪತ್ರಿಕೆಯಲ್ಲಿ ಸಂಧಿಯೇ ಬೇರೆ, ವಿಭಕ್ತಿಯೇ ಬೇರೆ ಎಂದು ನಮ್ಮ ಮಕ್ಕಳು ತಿಳಿದುಕೊಂಡಿದ್ದಾರೆ. ಪುಸ್ತಕದಲ್ಲಿ ಅವು ಎರಡು ಬೇರೆ ಪ್ರಕರಣಗಳಾಗಿರುವುದೇ ಇದಕ್ಕೆ ಕಾರಣ. ಸಂಧಿಯ ನಿಯಮಗಳನ್ನು ಒಂದು ವಾರ ಉರುಹೊಡೆಯುತ್ತಾರೆ; ಶಬ್ದರೂಪಗಳನ್ನು ಇನ್ನೊಂದು ವಾರ ಉರುಹೊಡೆಯುತ್ತಾರೆ. ಆಮೇಲೆ ಕಾಣದ ಗದ್ಯದ ಒಂದು ವಾಕ್ಯ ಎದುರಿಗೆ ಬಂದಾಗ ಎರಡೂ ಕೈಕೊಡುತ್ತವೆ. ನಾವು ಇಂದು ಹೇಳಬಯಸುವುದು ಇಷ್ಟೇ: ಸಂಸ್ಕೃತದಲ್ಲಿ ವಿಭಕ್ತಿಪ್ರತ್ಯಯವು ಪದದ ಕೊನೆಯಲ್ಲಿರುತ್ತದೆ; ಸಂಧಿ ನಡೆಯುವುದೂ ಪದದ ಕೊನೆಯಲ್ಲೇ. ಆದುದರಿಂದ ಸಂಧಿಯು ಮೊದಲು ನುಂಗುವುದು ವಿಭಕ್ತಿಯನ್ನೇ. ಸಂಧಿಯನ್ನು ಬಿಡಿಸಲು ಬಾರದವನಿಗೆ ಶಬ್ದರೂಪ ಎಷ್ಟು ಬಾಯಿಪಾಠವಿದ್ದರೂ ಉಪಯೋಗವಿಲ್ಲ. ವಿಭಕ್ತಿಯ ಪರಿಚಯವಿಲ್ಲದವನಿಗೆ ಸಂಧಿಯನ್ನು ಎಲ್ಲಿ ಬಿಡಿಸಬೇಕೆಂಬುದೇ ತಿಳಿಯುವುದಿಲ್ಲ.

ಎಲ್ಲ ಸಂಧಿಗಳನ್ನೂ ಎಲ್ಲ ವಿಭಕ್ತಿಗಳನ್ನೂ ಇಂದು ಹಿಡಿದುಕೊಳ್ಳುವ ಹಂಬಲ ನಮಗಿಲ್ಲ. ಕನ್ನಡದ ಹುಡುಗ ಎಡವುವ ಎರಡು ಸ್ಥಳಗಳನ್ನು ಮಾತ್ರ ನೋಡೋಣ. ಒಂದು ಪಂಚಮೀ ವಿಭಕ್ತಿ. ಇನ್ನೊಂದು ಪ್ರಥಮಾ ವಿಭಕ್ತಿಯ ವಿಸರ್ಗ.

ಮೊದಲು ಪಂಚಮಿ. ನಮ್ಮ ಕನ್ನಡ ವ್ಯಾಕರಣದ ಪುಸ್ತಕಗಳಲ್ಲಿ ಏಳು ವಿಭಕ್ತಿಗಳಿವೆ. ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬರೆದಿರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂದಿದೆ. ಸಂಸ್ಕೃತದ ಚೌಕಟ್ಟಿನಲ್ಲಿ ಏಳು ಮನೆಗಳಿದ್ದುವು. ಕನ್ನಡಕ್ಕೂ ಏಳನ್ನು ತುಂಬಬೇಕಾಯಿತು. ಆದರೆ ಮನೆಯಲ್ಲಿ ಯಾರಾದರೂ ‘ಮರದ ದೆಸೆಯಿಂದ ಎಲೆ ಬಿತ್ತು’ ಎಂದು ಹೇಳಿದ್ದನ್ನು ಕೇಳಿದ್ದೀರಾ? ‘ಮರದಿಂದ ಎಲೆ ಬಿತ್ತು’ ಎನ್ನುತ್ತೇವೆ. ‘ಕೈಯಿಂದ ಬರೆದ’ ಎಂದೂ ಎನ್ನುತ್ತೇವೆ. ನಮ್ಮ ನಾಲಗೆಗೆ ಎರಡೂ ಒಂದೇ ‘ಇಂದ’. ಸಂಸ್ಕೃತಕ್ಕೆ ಇವು ಎರಡು. ಬರೆಯುವ ಕೈ ಸಾಧನ; ಅದು ತೃತೀಯಾ, ‘ಹಸ್ತೇನ ಲಿಖತಿ’. ಮರವು ಎಲೆ ಅಗಲಿದ ಸ್ಥಾನ. ಅದು ಪಂಚಮೀ, ‘ವೃಕ್ಷಾತ್ ಪತತಿ’. ಕನ್ನಡದಲ್ಲಿ ಯೋಚಿಸಿ ಸಂಸ್ಕೃತ ಬರೆಯುವ ಹುಡುಗ ‘ವೃಕ್ಷೇಣ ಪತತಿ’ ಎಂದು ಬರೆದರೆ ಅದು ಅವನ ದಡ್ಡತನವಲ್ಲ. ಅವನ ತಾಯ್ನುಡಿಯಲ್ಲಿ ಈ ಬಾಗಿಲು ಒಂದೇ ಇದೆ.

ಇಲ್ಲಿ ಮುಂಬಯಿಯ ಕನ್ನಡ ಹುಡುಗನಿಗೆ ಧಾರವಾಡದ ಹುಡುಗನಿಗಿಲ್ಲದ ಒಂದು ಅನುಕೂಲವಿದೆ. ಅವನ ಕಿವಿಯಲ್ಲಿ ಮರಾಠಿ ಇದೆ. ಮರಾಠಿಯಲ್ಲಿ ತೃತೀಯೆಯೂ ಪಂಚಮಿಯೂ ಇಂದಿಗೂ ಬೇರೆಬೇರೆ ಪ್ರತ್ಯಯಗಳಿಂದ ನಡೆಯುತ್ತವೆ. ತೃತೀಯೆಗೆ ‘ನೇ’, ಪಂಚಮಿಗೆ ‘ಊನ್’ ಅಥವಾ ‘ಹೂನ್’. ‘ಹಾತಾನೇ ಲಿಹಿತೋ’ ಎನ್ನುತ್ತಾರೆ, ‘ಝಾಡಾವರೂನ್ ಪಾನ್ ಪಡತೇ’ ಎನ್ನುತ್ತಾರೆ. ಚಾಳಿನ ಅಂಗಳದಲ್ಲಿ ಆಡುವ ನಮ್ಮ ಮಕ್ಕಳು ಇವನ್ನು ಎಂದೂ ಅದಲುಬದಲು ಮಾಡುವುದಿಲ್ಲ. ಆದ್ದರಿಂದ ಕನ್ನಡದ ‘ಇಂದ’ ಬಂದಾಗ ಒಂದು ಕ್ಷಣ ನಿಂತು ಮರಾಠಿಯಲ್ಲಿ ಹೇಳಿ ನೋಡಿ. ‘ನೇ’ ಬಂದರೆ ತೃತೀಯಾ. ‘ಊನ್’ ಬಂದರೆ ಪಂಚಮೀ. ‘ಹುಲಿಯಿಂದ ಕಾಪಾಡಿದ’ ಎಂದರೆ ಮರಾಠಿಯಲ್ಲಿ ‘ವಾಘಾಪಾಸೂನ್’. ಕೊನೆಯಲ್ಲಿ ‘ಊನ್’ ಇದೆ, ಪಂಚಮೀ, ‘ವ್ಯಾಘ್ರಾತ್’. ‘ರೈಲಿನಲ್ಲಿ ಬಂದ’ ಎಂದು ಕನ್ನಡ ಸಪ್ತಮಿಯಲ್ಲಿ ಹೇಳುತ್ತದೆ. ಮರಾಠಿ ‘ರೇಲ್ವೇನೇ ಆಲಾ’ ಎನ್ನುತ್ತದೆ. ಸಂಸ್ಕೃತವೂ ಮರಾಠಿಯ ಪಕ್ಷ: ‘ರೇಲಯಾನೇನ’. ‘ರಾಮನಿಗಿಂತ ದೊಡ್ಡವನು’ ಎಂಬಲ್ಲಿ ನಮ್ಮ ‘ಗಿಂತ’ದೊಳಗೆ ಚತುರ್ಥಿಯ ‘ಗೆ’ ಕುಳಿತಿದೆ. ಮರಾಠಿಯ ‘ರಾಮಾಹೂನ್ ಮೋಠಾ’ ಎಂಬುದರಲ್ಲಿ ‘ಹೂನ್’ ಇದೆ. ಸಂಸ್ಕೃತದಲ್ಲಿ ಹೋಲಿಕೆಗೆ ಪಂಚಮೀ.

ಆದರೆ ಈ ಒರೆಗಲ್ಲು ಎಲ್ಲಿ ಸುಳ್ಳಾಗುತ್ತದೆ ಎಂಬುದನ್ನೂ ಹೇಳಿಬಿಡಬೇಕು; ಇಲ್ಲದಿದ್ದರೆ ಪರೀಕ್ಷೆಯ ದಿನ ನಮ್ಮನ್ನು ಶಪಿಸೀರಿ. ಕರ್ಮಣಿ ಪ್ರಯೋಗದಲ್ಲಿ ಅದು ಕೆಲಸಕ್ಕೆ ಬಾರದು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬುದಕ್ಕೆ ಮರಾಠಿಯಲ್ಲಿ ‘ರಾಮಾಕಡೂನ್’ ಎಂದೂ ಹೇಳುತ್ತಾರೆ. ಅಲ್ಲಿ ‘ಊನ್’ ಕೇಳಿಸಿದರೂ ರಾಮನು ಕೆಲಸ ಮಾಡಿದವನು, ಕರ್ತೃ. ಸಂಸ್ಕೃತದಲ್ಲಿ ‘ರಾಮೇಣ’ ಎಂದೇ ಆಗಬೇಕು. ‘ಗುರುವಿನಿಂದ ಕಲಿತ’ ಎಂಬಲ್ಲಿಯೂ ಮರಾಠಿ ‘ಗುರೂಕಡೂನ್’ ಎನ್ನುತ್ತದೆ. ಆದರೆ ಅಲ್ಲಿ ಕಲಿತವನು ಶಿಷ್ಯ, ಗುರುವು ವಿದ್ಯೆ ಹೊರಟ ಮೂಲ, ಆದ್ದರಿಂದ ಪಂಚಮೀ. ‘ಕಡೂನ್’ ಬಂದಾಗ ಮಾತ್ರ ಕೇಳಿಕೊಳ್ಳಿ: ಕೆಲಸ ಮಾಡಿದವನು ಇವನೇ ಹೌದೇ? ಹೌದಾದರೆ ತೃತೀಯಾ. ಅಲ್ಲವಾದರೆ ಪಂಚಮೀ.

ಇನ್ನು ಕನ್ನಡವೂ ಮರಾಠಿಯೂ ಒಟ್ಟಿಗೆ ದಾರಿ ತಪ್ಪಿಸುವ ಒಂದೆರಡು ಸ್ಥಳಗಳಿವೆ. ‘ಹುಲಿಗೆ ಹೆದರುತ್ತಾನೆ’ ಎನ್ನುತ್ತೇವೆ ನಾವು. ‘ವಾಘಾಲಾ ಘಾಬರತೋ’ ಎನ್ನುತ್ತಾರೆ ಅವರು. ಎರಡೂ ಚತುರ್ಥಿಯ ರೀತಿ. ಸಂಸ್ಕೃತವು ಭಯದ ಮೂಲವನ್ನು ಪಂಚಮಿಯಲ್ಲಿಡುತ್ತದೆ: ‘ವ್ಯಾಘ್ರಾತ್ ಬಿಭೇತಿ’. ‘ಶಾಲೆಗೆ ಹೋಗುತ್ತಾನೆ’ ಎಂಬಲ್ಲಿ ನಮ್ಮ ‘ಗೆ’ಯನ್ನು ಕಂಡು ‘ಶಾಲಾಯೈ’ ಎಂದು ಬರೆಯುವವರೇ ಹೆಚ್ಚು. ಹೋಗುವ ಗುರಿಗೆ ಸಂಸ್ಕೃತದಲ್ಲಿ ಸಾಮಾನ್ಯವಾಗಿ ದ್ವಿತೀಯಾ: ‘ಶಾಲಾಂ ಗಚ್ಛತಿ’. ‘ರಾಮನ ಜೊತೆ’ ಎಂಬಲ್ಲಿ ನಮ್ಮದು ಷಷ್ಠೀ. ‘ಸಹ’ ಎಂಬ ಪದ ಬಂದಾಗ ಸಂಸ್ಕೃತ ತೃತೀಯೆಯನ್ನೇ ಬೇಡುತ್ತದೆ, ‘ರಾಮೇಣ ಸಹ’. ‘ನನಗೆ ಹಣ್ಣು ಇಷ್ಟ’ ಎಂಬಲ್ಲಿ ಮಾತ್ರ ಸಂಸ್ಕೃತ ನಮ್ಮ ದಾರಿಗೇ ಬರುತ್ತದೆ: ‘ಮಹ್ಯಂ ಫಲಂ ರೋಚತೇ’. ಅಲ್ಲಿ ‘ಮಹ್ಯಮ್’ ಎಂಬುದು ನಮ್ಮ ‘ನನಗೆ’ಯೇ. ಹೆದರು, ಹೋಗು, ಜೊತೆ: ಈ ಮೂರನ್ನು ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ಸಾಕು.

ಹೀಗೆ ಪಂಚಮಿ ಎಲ್ಲಿ ಬರಬೇಕೆಂದು ತಿಳಿಯಿತು. ಈಗ ಅದು ವಾಕ್ಯದಲ್ಲಿ ಬಂದಾಗ ಗುರುತಿಸುವುದು ಹೇಗೆ? ಇಲ್ಲಿಂದ ಸಂಧಿಯ ಮಾತು.

ಅಕಾರಾಂತ ಶಬ್ದದ ಪಂಚಮೀ ಏಕವಚನ ‘ಆತ್’ ಎಂದು ಮುಗಿಯುತ್ತದೆ: ಗ್ರಾಮಾತ್, ವೃಕ್ಷಾತ್, ನಗರಾತ್. ಆದರೆ ಪುಸ್ತಕದ ಪುಟದಲ್ಲಿ ಈ ‘ತ್’ ಅನೇಕ ಕಡೆ ‘ತ್’ ಆಗಿ ಉಳಿಯುವುದಿಲ್ಲ. ಇದು ಕನ್ನಡದ ಹುಡುಗನಿಗೆ ವಿಚಿತ್ರವೆನಿಸುತ್ತದೆ. ಏಕೆಂದರೆ ಹೊಸಗನ್ನಡದ ನಮ್ಮ ಪದಗಳು ಸ್ವರದಲ್ಲೇ ಮುಗಿಯುತ್ತವೆ. ಪದದ ಕೊನೆಯ ವ್ಯಂಜನ ಬದಲಾಗುವ ಪ್ರಸಂಗವೇ ನಮಗಿಲ್ಲ. ನಮ್ಮ ಆದೇಶಸಂಧಿಯಲ್ಲಿ ವ್ಯಂಜನ ಬದಲಾಗುತ್ತದೆ ನಿಜ. ಮಳೆ, ಕಾಲ ಎರಡೂ ಸೇರಿ ‘ಮಳೆಗಾಲ’ ಆಗುತ್ತದೆ. ಆದರೆ ಅಲ್ಲಿ ಬದಲಾದದ್ದು ಎರಡನೆಯ ಪದದ ಮೊದಲ ಅಕ್ಷರ. ಸಂಸ್ಕೃತದಲ್ಲಿ ಬದಲಾಗುವುದು ಸಾಮಾನ್ಯವಾಗಿ ಮೊದಲನೆಯ ಪದದ ಕೊನೆಯ ಅಕ್ಷರ. ‘ವಾಕ್’ ಮತ್ತು ‘ಈಶ’ ಸೇರಿ ‘ವಾಗೀಶ’ ಆಗುತ್ತದೆ. ‘ಕ್’ ಹೋಗಿ ‘ಗ್’ ಬಂದದ್ದು ಹಿಂದಿನ ಪದದಲ್ಲಿ. ಎರಡು ಭಾಷೆಗಳಲ್ಲೂ ಕಕಾರ ಗಕಾರವಾಗುತ್ತದೆಯೆಂಬುದನ್ನೇ ನೋಡಿ ಇವು ಒಂದೇ ಎಂದುಕೊಳ್ಳುವುದರಿಂದಲೇ ತೊಡಕು.

‘ತ್’ ಏನೇನು ವೇಷ ಹಾಕುತ್ತದೆಂಬುದಕ್ಕೆ ಹೊಸ ಸೂತ್ರ ಕಲಿಯಬೇಕಾಗಿಲ್ಲ. ನಮ್ಮ ಓಣಿಯ ಹೆಸರುಗಳೇ ಸಾಕು. ‘ಜಗತ್’ ಎಂಬ ಶಬ್ದ ತೆಗೆದುಕೊಳ್ಳಿ. ಮುಂದೆ ಸ್ವರ ಬಂದರೆ ಜಗದೀಶ. ‘ತ್’ ಹೋಗಿ ‘ದ್’. ಮುಂದೆ ನಕಾರ ಬಂದರೆ ಜಗನ್ನಾಥ. ‘ತ್’ ಹೋಗಿ ‘ನ್’. ಜಕಾರ ಬಂದರೆ ಜಗಜ್ಜನನಿ. ‘ಸತ್’ ಮತ್ತು ‘ಚರಿತ’ ಸೇರಿ ಸಚ್ಚರಿತ. ‘ಉತ್’ ಮತ್ತು ‘ಲೇಖ’ ಸೇರಿ ಉಲ್ಲೇಖ. ಈ ಪದಗಳು ನಮಗೆ ಕನ್ನಡವೇ ಆಗಿಹೋಗಿವೆ. ಗ್ರಾಮಾತ್ ಎಂಬುದನ್ನು ಇವುಗಳ ಸಾಲಿನಲ್ಲಿ ನಿಲ್ಲಿಸಿ. ಜಗದೀಶನಂತೆ ‘ಗ್ರಾಮಾದಪಿ’, ಜಗನ್ನಾಥನಂತೆ ‘ಗ್ರಾಮಾನ್ನಗರಮ್’, ಸಚ್ಚರಿತದಂತೆ ‘ಗ್ರಾಮಾಚ್ಚ’, ಉಲ್ಲೇಖದಂತೆ ‘ವೃಕ್ಷಾಲ್ಲತಾ’. ಮುಂದೆ ಕ, ಪ, ತ, ಸ ಬಂದರೆ ಮಾತ್ರ ‘ತ್’ ತನ್ನ ನಿಜರೂಪದಲ್ಲೇ ಉಳಿಯುತ್ತದೆ: ‘ವೃಕ್ಷಾತ್ಪತತಿ’.

ಇವುಗಳಲ್ಲಿ ಬಹಳ ಮೋಸಗಾರ ವೇಷವೆಂದರೆ ‘ಗ್ರಾಮಾನ್ನಗರಮ್’. ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಹುಡುಗನಿಗೆ ಈ ಪದ ಕೊಟ್ಟು ಬಿಡಿಸೆಂದೆವು.

“ಗ್ರಾಮಾನ್, ನಗರಮ್. ದ್ವಿತೀಯಾ ಬಹುವಚನ ಅಲ್ವಾ ಮಾಮ? ಬಾಲಾನ್ ಇದ್ದ ಹಾಗೆ?”

“ಅಕ್ಷರ ನೋಡಿದರೆ ಹೌದು ಮಗಾ. ಆದರೆ ವಾಕ್ಯದ ಕೊನೆಯಲ್ಲಿ ‘ಆಗಚ್ಛತಿ’ ಇದೆ. ‘ಹಳ್ಳಿಗಳನ್ನು ನಗರವನ್ನು ಬರುತ್ತಾನೆ’ ಎಂದರೆ ಅರ್ಥವಾಯಿತೇ?”

“ಇಲ್ಲ. ಎರಡಕ್ಕೂ ಬರೋದಾದ್ರೆ ನಡುವೆ ‘ಚ’ ಇರ್ಬೇಕಿತ್ತು.”

ಹುಡುಗ ಸರಿಯಾದ ತಂತುವನ್ನೇ ಹಿಡಿದಿದ್ದ. ‘ಗ್ರಾಮಾತ್’ ಎಂಬ ಪಂಚಮಿಯೂ ‘ಗ್ರಾಮಾನ್’ ಎಂಬ ದ್ವಿತೀಯಾ ಬಹುವಚನವೂ ‘ನಗರಮ್’ ಮುಂದೆ ಬಂದಾಗ ಅಕ್ಷರಶಃ ಒಂದೇ ಆಗುತ್ತವೆ. ಅಲ್ಲಿ ಸಂಧಿಸೂತ್ರ ತೀರ್ಪು ಕೊಡಲಾರದು; ಕ್ರಿಯಾಪದವನ್ನೇ ಕೇಳಬೇಕು. ಬರುವುದಕ್ಕೆ ಎಲ್ಲಿಂದ ಎಂಬ ಪ್ರಶ್ನೆ ಇದೆ, ಎಲ್ಲಿಗೆ ಎಂಬ ಪ್ರಶ್ನೆ ಇದೆ. ಆದ್ದರಿಂದ ಒಂದು ಪಂಚಮೀ, ಒಂದು ದ್ವಿತೀಯಾ. ಇದೇ ‘ಪಶ್ಯತಿ’ ಎಂಬ ಕ್ರಿಯಾಪದ ಬಂದು ನಡುವೆ ‘ಚ’ಕಾರವೂ ಇದ್ದರೆ ‘ಹಳ್ಳಿಗಳನ್ನು ನೋಡುತ್ತಾನೆ’ ಎಂಬ ಅರ್ಥಕ್ಕೆ ಎಡೆಯಾಗುತ್ತಿತ್ತು.

ಈ ಗೊಂದಲ ಮುಖ್ಯವಾಗಿ ಮುಂದೆ ನ ಅಥವಾ ಮ ಬಂದಾಗ ಮಾತ್ರ ಎಂಬುದು ಸಮಾಧಾನದ ವಿಷಯ. ಬೇರೆ ಕಡೆ ಎರಡೂ ಬೇರ್ಪಡುತ್ತವೆ. ‘ಅಪಿ’ ಮುಂದೆ ಬಂದರೆ ಪಂಚಮಿ ‘ಗ್ರಾಮಾದಪಿ’ ಆಗುತ್ತದೆ, ದ್ವಿತೀಯೆ ‘ಗ್ರಾಮಾನಪಿ’ ಆಗುತ್ತದೆ. ‘ಚ’ ಮುಂದೆ ಬಂದರೆ ಪಂಚಮಿ ‘ಗ್ರಾಮಾಚ್ಚ’, ದ್ವಿತೀಯೆ ‘ಗ್ರಾಮಾಂಶ್ಚ’. ಈ ‘ಂಶ್ಚ’ ಕಂಡೊಡನೆ ಮೂಲದಲ್ಲಿ ನಕಾರವಿತ್ತೆಂದು ತಿಳಿಯಬಹುದು.

ಇನ್ನು ವಿಸರ್ಗಕ್ಕೆ ಬರೋಣ. ಕನ್ನಡದ ‘ರಾಮ’ನಿಗೆ ವಿಸರ್ಗವಿಲ್ಲ, ನಾವು ಸಂಸ್ಕೃತದ ಪದವನ್ನು ತರುವಾಗ ಅದನ್ನು ಬಾಗಿಲಲ್ಲೇ ಬಿಟ್ಟು ಬರುತ್ತೇವೆ. ಆದುದರಿಂದ ವಿಸರ್ಗವನ್ನು ಬರೆಯುವುದನ್ನು ಮರೆಯುವುದು ಒಂದು ತಪ್ಪು, ಅದು ಸಣ್ಣದು. ದೊಡ್ಡದೆಂದರೆ ವಿಸರ್ಗ ಕಾಣದಿದ್ದಾಗ ಅದು ಅಲ್ಲಿತ್ತೆಂದು ಗುರುತಿಸಲಾರದಿರುವುದು. ಪ್ರಥಮಾ ಏಕವಚನ ‘ಬಾಲಃ’, ಪ್ರಥಮಾ ಬಹುವಚನ ‘ಬಾಲಾಃ’. ಎರಡರ ಕೊನೆಯಲ್ಲೂ ವಿಸರ್ಗ. ಈ ಎರಡರ ಗತಿಯನ್ನು ಬೇರೆಬೇರೆಯಾಗಿ ನೋಡಬೇಕು.

‘ಬಾಲಃ’ ಎಂಬಲ್ಲಿ ವಿಸರ್ಗದ ಹಿಂದೆ ಹ್ರಸ್ವ ಅಕಾರವಿದೆ. ಮುಂದೆ ಗ, ದ, ಬ, ನ, ಯ, ವ ಮುಂತಾದ ಮೃದುವ್ಯಂಜನ ಬಂದರೆ ಅದು ಓಕಾರವಾಗುತ್ತದೆ: ‘ಬಾಲೋ ಗಚ್ಛತಿ’. ನಮ್ಮ ಮನೋರಥ, ತಪೋವನಗಳಲ್ಲಿ ಇರುವುದು ಇದೇ. ಮುಂದೆ ಹ್ರಸ್ವ ಅಕಾರ ಬಂದರೆ ಓಕಾರವಾಗಿ ಆ ಅಕಾರ ಅಡಗಿಹೋಗುತ್ತದೆ. ಅದರ ಸಮಾಧಿಯ ಮೇಲಿನ ಕಲ್ಲಿನಂತೆ ಅವಗ್ರಹಚಿಹ್ನೆ ಉಳಿಯುತ್ತದೆ: ‘ಬಾಲೋಽಪಿ’. ಬೇರೆ ಯಾವ ಸ್ವರ ಬಂದರೂ ವಿಸರ್ಗ ಸುಮ್ಮನೆ ಬಿದ್ದುಹೋಗುತ್ತದೆ: ‘ಬಾಲ ಆಗಚ್ಛತಿ’. ಕನ್ನಡದ ಹುಡುಗ ಇಲ್ಲಿ ಸುಮ್ಮನಿರಲಾರ. ಅಕಾರ, ಆಕಾರ ಎದುರುಬದುರು ನಿಂತಿವೆಯಲ್ಲ ಎಂದು ಸವರ್ಣದೀರ್ಘ ಮಾಡಿ ‘ಬಾಲಾಗಚ್ಛತಿ’ ಎಂದು ಬರೆಯುತ್ತಾನೆ. ಹಾಗೆ ಮಾಡಬಾರದು. ವಿಸರ್ಗ ಬಿದ್ದ ಜಾಗದಲ್ಲಿ ಮತ್ತೊಮ್ಮೆ ಸಂಧಿಯಿಲ್ಲ. ಖಾಲಿ ಜಾಗ ಖಾಲಿಯಾಗಿಯೇ ಇರಬೇಕು. ಓದುವಾಗ ಈ ಖಾಲಿ ಜಾಗವೇ ನಮಗೆ ಸುಳಿವು. ಎರಡು ಸ್ವರಗಳು ಸೇರದೆ ಪಕ್ಕಪಕ್ಕದಲ್ಲಿ ನಿಂತಿದ್ದರೆ ನಡುವೆ ಏನೋ ಬಿದ್ದುಹೋಗಿದೆ ಎಂದು ಸಂಶಯಪಡಬೇಕು.

‘ಬಾಲಾಃ’ ಎಂಬಲ್ಲಿ ವಿಸರ್ಗದ ಹಿಂದೆ ದೀರ್ಘ ಆಕಾರವಿದೆ. ಮುಂದೆ ಸ್ವರ ಬರಲಿ, ಮೃದುವ್ಯಂಜನ ಬರಲಿ, ಓಕಾರವಾಗುವುದಿಲ್ಲ. ಬಿದ್ದೇ ಹೋಗುತ್ತದೆ: ‘ಬಾಲಾ ಗಚ್ಛಂತಿ’. ಈಗ ‘ಬಾಲಾ’ ಎಂಬ ಸ್ತ್ರೀಲಿಂಗಶಬ್ದವೂ ಇದೆ, ಹುಡುಗಿ ಎಂದರ್ಥ. ಅದರ ಪ್ರಥಮಾ ಏಕವಚನಕ್ಕೆ ವಿಸರ್ಗವೇ ಇಲ್ಲ. ಆದ್ದರಿಂದ ‘ಬಾಲಾ ಗಚ್ಛತಿ’ ಎಂದರೆ ಹುಡುಗಿ ಹೋಗುತ್ತಾಳೆ. ‘ಬಾಲಾ ಗಚ್ಛಂತಿ’ ಎಂದರೆ ಹುಡುಗರು ಹೋಗುತ್ತಾರೆ. ನಾಮಪದ ಒಂದೇ ಆಗಿ ಕಾಣುತ್ತದೆ. ಕ್ರಿಯಾಪದದ ಒಂದು ಸೊನ್ನೆ ಎಲ್ಲವನ್ನೂ ಹೇಳುತ್ತದೆ. ಮೊದಲು ಕ್ರಿಯಾಪದ ನೋಡಿ, ಆಮೇಲೆ ಕರ್ತೃವನ್ನು ಹುಡುಕಿ ಎಂದು ನಾವು ಮಕ್ಕಳಿಗೆ ಹೇಳುವುದು ಇದಕ್ಕಾಗಿಯೇ.

ಅಕಾರವಲ್ಲದ ಬೇರೆ ಸ್ವರದ ಮುಂದಿನ ವಿಸರ್ಗ ರೇಫವಾಗುತ್ತದೆ: ‘ಹರಿರ್ಗಚ್ಛತಿ’, ‘ಕವಿರಪಿ’. ನಮ್ಮ ದುರಾಚಾರ, ನಿರಾಶೆಗಳು ಇದೇ ಜಾತಿ. ಮುಂದೆಯೂ ರೇಫವೇ ಬಂದರೆ ವಿಸರ್ಗ ಹೋಗಿ ಹಿಂದಿನ ಸ್ವರ ದೀರ್ಘವಾಗುತ್ತದೆ. ಇಲ್ಲದಿದ್ದರೆ ‘ನೀರಸ’ ಎಂಬ ಮಾತಿಗೆ ದೀರ್ಘ ಎಲ್ಲಿಂದ ಬರಬೇಕು? ಕಠೋರವ್ಯಂಜನಗಳ ಮುಂದೆ ‘ನಿಶ್ಚಯ’ದಲ್ಲಿ ಶಕಾರ, ‘ನಮಸ್ತೇ’ಯಲ್ಲಿ ಸಕಾರ. ಕ, ಪಗಳ ಮುಂದೆ ಬೇರೆಬೇರೆ ಪದಗಳ ನಡುವೆ ವಿಸರ್ಗ ಹಾಗೆಯೇ ಇರುತ್ತದೆ: ‘ಬಾಲಃ ಪಠತಿ’. ಇದಿಷ್ಟನ್ನು ನಾವು ಬೇಗ ಮುಗಿಸುತ್ತೇವೆ, ಏಕೆಂದರೆ ಇಲ್ಲಿ ವಿಸರ್ಗವಿತ್ತೆಂಬುದು ಕಣ್ಣಿಗೆ ಕಾಣುತ್ತದೆ. ವಿಭಕ್ತಿ ಅಷ್ಟಾಗಿ ಮರೆಯಾಗುವುದಿಲ್ಲ.

ಎರಡು ಅಪವಾದಗಳನ್ನು ಮಾತ್ರ ಪರೀಕ್ಷೆಯವರು ಬಹಳ ಪ್ರೀತಿಸುತ್ತಾರೆ. ‘ಸಃ’ ಮತ್ತು ‘ಏಷಃ’ ಎಂಬ ಸರ್ವನಾಮಗಳ ವಿಸರ್ಗವು ಯಾವ ವ್ಯಂಜನ ಮುಂದೆ ಬಂದರೂ ಬಿದ್ದುಹೋಗುತ್ತದೆ: ‘ಸ ಗಚ್ಛತಿ’, ‘ಏಷ ಪಠತಿ’. ‘ಸೋ ಗಚ್ಛತಿ’ ಎನ್ನುವಂತಿಲ್ಲ. ಅಕಾರದ ಮುಂದೆ ಮಾತ್ರ ‘ಸೋಽಪಿ’ ಆಗುತ್ತದೆ. ಇನ್ನೊಂದು ‘ಪುನಃ’. ಇದರ ವಿಸರ್ಗದ ಹಿಂದೆ ಅಕಾರವಿದೆಯೆಂದು ‘ಪುನೋಽಪಿ’ ಎಂದು ಬರೆಯಬಾರದು. ಈ ಶಬ್ದದ ಮೂಲವೇ ‘ಪುನರ್’. ಹೀಗಾಗಿ ‘ಪುನರಪಿ’. ಇದನ್ನು ನೆನಪಿಡಲು ಕಷ್ಟವಿಲ್ಲ: ಪುನರ್ಜನ್ಮ, ಪುನರಾಗಮನ ಎಂದು ಕನ್ನಡದಲ್ಲೇ ಹೇಳುತ್ತೇವೆ. ಅಂತರಾತ್ಮ ಎಂಬಲ್ಲಿಯ ‘ಅಂತಃ’ ಕೂಡ ಹೀಗೆಯೇ ರೇಫಮೂಲದ್ದು.

ಈಗ ಒಂದು ವಾಕ್ಯವನ್ನು ಕೈಗೆತ್ತಿಕೊಳ್ಳೋಣ. ಇದು ಯಾವ ಪುಸ್ತಕದ್ದೂ ಅಲ್ಲ. ನಮ್ಮವರ ಬದುಕಿನದ್ದೇ, ನಾವೇ ಕಟ್ಟಿದ್ದು.

ಬಾಲೋಽಪಿ ಗ್ರಾಮಾನ್ನಗರಂ ರೇಲಯಾನೇನಾಗಚ್ಛತಿ ಪುನರಪಿ ಗ್ರಾಮಂ ಗಚ್ಛತಿ.

ಮೊದಲು ಕ್ರಿಯಾಪದಗಳು. ಕೊನೆಯದು ‘ಗಚ್ಛತಿ’, ಏಕವಚನ. ನಡುವೆ ‘ನಾಗಚ್ಛತಿ’ ಎಂಬ ತುಣುಕು ಇದೆ. ಇಲ್ಲಿ ನಿಲ್ಲಬೇಕು. ‘ನ ಆಗಚ್ಛತಿ’, ಬರುವುದಿಲ್ಲ ಎಂದು ಬಿಡಿಸುವವರಿದ್ದಾರೆ. ಆಗ ಹಿಂದೆ ‘ರೇಲಯಾನೇ’ ಎಂಬ ಸಪ್ತಮಿ ಉಳಿಯುತ್ತದೆ. ‘ರೈಲಿನಲ್ಲಿ ಬರುವುದಿಲ್ಲ’ ಎಂದು ಕನ್ನಡದ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ! ಆದರೆ ಬರಲೇ ಇಲ್ಲವಾದರೆ ಪುನಃ ಹಳ್ಳಿಗೆ ಹೋಗುವುದೆಂತು? ವಾಹನಕ್ಕೆ ತೃತೀಯಾ ಎಂಬುದನ್ನು ಮರಾಠಿಯ ‘ರೇಲ್ವೇನೇ’ ಆಗಲೇ ನೆನಪಿಸಿದೆ. ಆದುದರಿಂದ ‘ರೇಲಯಾನೇನ’ ಎಂದು ಬಿಡಿಸಬೇಕು, ಮುಂದಿನದು ‘ಆಗಚ್ಛತಿ’. ‘ಅ’ ಮತ್ತು ‘ಆ’ ಸೇರಿ ದೀರ್ಘ ‘ಆ’. ಸವರ್ಣದೀರ್ಘಸಂಧಿ ಇಲ್ಲಿ ನ್ಯಾಯವಾದದ್ದು, ಏಕೆಂದರೆ ಇಲ್ಲಿ ಯಾವ ವಿಸರ್ಗವೂ ಬಿದ್ದಿಲ್ಲ. ‘ಅಗಚ್ಛತಿ’ ಎಂದೇಕೆ ಬಿಡಿಸಬಾರದು? ಮುಂದೆ ಅಕಾರವಿರುವ ಭೂತಕಾಲದ ರೂಪ ‘ಅಗಚ್ಛತ್’. ಅದಕ್ಕೆ ‘ತಿ’ ಇರುವುದಿಲ್ಲ. ಇಲ್ಲಿ ‘ತಿ’ ಇರುವುದರಿಂದ ವರ್ತಮಾನ. ಆದ್ದರಿಂದ ‘ಆ’ ಎಂಬ ಉಪಸರ್ಗವೇ.

ಅನಂತರ ಕರ್ತೃ. ಕ್ರಿಯಾಪದ ಏಕವಚನ, ಪ್ರಥಮಾ ಏಕವಚನ ಬೇಕು. ‘ಬಾಲೋಽಪಿ’ಯಲ್ಲಿ ಅವಗ್ರಹವಿದೆ, ‘ಬಾಲಃ’ ಮತ್ತು ‘ಅಪಿ’. ಸಿಕ್ಕಿತು. ‘ಗ್ರಾಮಾನ್ನಗರಂ’ ಎಂಬುದನ್ನು ಆಗಲೇ ಬಿಡಿಸಿದ್ದೇವೆ. ‘ಗ್ರಾಮಾತ್’ ಪಂಚಮೀ, ‘ನಗರಮ್’ ದ್ವಿತೀಯಾ. ‘ಪುನರಪಿ’ಯಲ್ಲಿ ‘ಪುನಃ’ ಮತ್ತು ‘ಅಪಿ’. ‘ಗ್ರಾಮಮ್’ ಹೋಗುವ ಗುರಿ, ದ್ವಿತೀಯಾ. ಇಷ್ಟಾದ ಮೇಲೆ ಕನ್ನಡ ತಾನಾಗಿ ಬರುತ್ತದೆ: ಹುಡುಗನೂ ಹಳ್ಳಿಯಿಂದ ನಗರಕ್ಕೆ ರೈಲಿನಲ್ಲಿ ಬರುತ್ತಾನೆ, ಮತ್ತೆ ಹಳ್ಳಿಗೆ ಹೋಗುತ್ತಾನೆ. ಕನ್ನಡದಲ್ಲಿ ಗೆ, ಅಲ್ಲಿ, ಇಂದ ಎಂದು ಬಂದವು ಸಂಸ್ಕೃತದಲ್ಲಿ ದ್ವಿತೀಯಾ, ತೃತೀಯಾ, ಪಂಚಮೀ ಆಗಿದ್ದುವು. ಮೂರರಲ್ಲಿ ಒಂದೂ ನಮ್ಮ ನಿತ್ಯದ ಲೆಕ್ಕಕ್ಕೆ ಸರಿಬೀಳಲಿಲ್ಲ ನೋಡಿ.

ಬರೆಯುವಾಗ ಅಂಕ ಕಳೆದುಕೊಳ್ಳುವ ಎರಡು ಸಣ್ಣ ವಿಷಯಗಳಿವೆ. ಒಂದು ಸೊನ್ನೆ. ಕನ್ನಡದಲ್ಲಿ ಮಕಾರಕ್ಕೆ ಎಲ್ಲೆಲ್ಲೂ ಸೊನ್ನೆ ಹಾಕುವ ಅಭ್ಯಾಸ ನಮ್ಮದು. ಸಂಸ್ಕೃತದಲ್ಲಿ ಮುಂದೆ ವ್ಯಂಜನ ಬಂದರೆ ಸೊನ್ನೆ: ‘ಗ್ರಾಮಂ ಗಚ್ಛತಿ’. ಮುಂದೆ ಸ್ವರ ಬಂದರೆ ಮಕಾರ ಅದರೊಡನೆ ಕೂಡಿಕೊಳ್ಳುತ್ತದೆ: ‘ಗ್ರಾಮಮಾಗಚ್ಛತಿ’. ವಾಕ್ಯದ ಕೊನೆಯಲ್ಲಿ ಪೂರ್ಣ ‘ಮ್’ ಬರೆಯಬೇಕು: ‘ಗಚ್ಛತಿ ಗ್ರಾಮಮ್’. ದೇವನಾಗರಿಯಲ್ಲಿ ಬರೆಯುವಾಗ ಆ ಹಲಂತಚಿಹ್ನೆಯನ್ನು ಮರೆತರೆ ಅದು ‘ಗ್ರಾಮಮ’ ಆಗಿಬಿಡುತ್ತದೆ.

ಇನ್ನೊಂದು ತೃತೀಯೆಯ ‘ಏನ’. ‘ಬಾಲೇನ’, ‘ಹಸ್ತೇನ’ ಸರಿ. ಆದರೆ ಪದದಲ್ಲಿ ಹಿಂದೆ ರೇಫವೋ ಷಕಾರವೋ ಋಕಾರವೋ ಇದ್ದರೆ ಆ ನಕಾರ ಣಕಾರವಾಗುತ್ತದೆ: ‘ರಾಮೇಣ’, ‘ವೃಕ್ಷೇಣ’, ‘ನಗರೇಣ’. ನಡುವೆ ಸ್ವರ, ಕವರ್ಗ, ಪವರ್ಗ, ಯ, ವ, ಹ ಇದ್ದರೆ ತಡೆಯಿಲ್ಲ. ಚವರ್ಗ, ಟವರ್ಗ, ತವರ್ಗ, ಲಕಾರ, ಶಕಾರ, ಸಕಾರ ಅಡ್ಡ ಬಂದರೆ ಅಲ್ಲಿಗೆ ನಿಂತಿತು. ‘ರಥೇನ’ ಎಂಬಲ್ಲಿ ಥಕಾರ ಅಡ್ಡ ನಿಂತಿದೆ, ‘ರೇಲಯಾನೇನ’ದಲ್ಲಿ ಲಕಾರ. ಆದ್ದರಿಂದ ಎರಡೂ ಕಡೆ ನಕಾರವೇ.

ಶಬ್ದರೂಪದ ತಾಲಿಕೆ ತುಂಬುವ ಪ್ರಶ್ನೆಯ ಬಗ್ಗೆ ಒಂದು ಮಾತು. ‘ಬಾಲಾಭ್ಯಾಮ್’ ಎಂಬ ದ್ವಿವಚನವನ್ನು ನಡುವೆ ಕೊಟ್ಟು ಎರಡು ಪಕ್ಕದ ಮನೆಗಳನ್ನು ಖಾಲಿ ಬಿಟ್ಟಿರುತ್ತಾರೆ. ‘ಭ್ಯಾಮ್’ ತೃತೀಯೆಗೂ ಚತುರ್ಥಿಗೂ ಪಂಚಮಿಗೂ ಒಂದೇ. ಸಾಲಿನ ಕೊನೆಯಲ್ಲಿ ವಿಭಕ್ತಿಯ ಹೆಸರು ಬರೆದಿರುತ್ತದೆ. ಅದನ್ನು ನೋಡದೆ ತುಂಬುವ ಹುಡುಗರೇ ಹೆಚ್ಚು. ಪಂಚಮೀ ಎಂದಿದ್ದರೆ ‘ಬಾಲಾತ್’, ‘ಬಾಲೇಭ್ಯಃ’. ತೃತೀಯಾ ಎಂದಿದ್ದರೆ ‘ಬಾಲೇನ’, ‘ಬಾಲೈಃ’. ಹಾಗೆಯೇ ‘ಬಾಲೇಭ್ಯಃ’ ಎಂಬ ಬಹುವಚನ ಚತುರ್ಥಿಗೂ ಪಂಚಮಿಗೂ ಸಮಾನ.

ಪುಸ್ತಕ ಯಾವುದು ಓದಬೇಕೆಂದು ತಂದೆಯೊಬ್ಬರು ಚೀಟಿ ಕಳಿಸಿದ್ದಾರೆ. ಶಾಲೆಯ ಪುಸ್ತಕದ ಜೊತೆಗೆ ಬೇಕಾದರೆ ರಾಮಕೃಷ್ಣ ಗೋಪಾಲ ಭಾಂಡಾರಕರರ ಪುಸ್ತಕ ಇದೆ. ಅವರು ನಮ್ಮ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರರಲ್ಲಿ ಒಬ್ಬರು, 1862ರವರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು. 1860ರ ದಶಕದಲ್ಲಿ ಶಾಲೆಯ ಮಕ್ಕಳಿಗೆಂದು ಬರೆದ ಅವರ ಮೊದಲ ಪುಸ್ತಕ ಇಂದಿಗೂ ಅಚ್ಚಾಗುತ್ತಿದೆ. ವಿವರಣೆ ಇಂಗ್ಲಿಷಿನಲ್ಲಿದೆ, ಆದರೆ ವಾಕ್ಯಗಳು ಸಣ್ಣವು. ಪಾಠಪಾಠಕ್ಕೂ ಸ್ವಲ್ಪ ಸ್ವಲ್ಪವಾಗಿ ವಿಭಕ್ತಿಯನ್ನೂ ಸಂಧಿಯನ್ನೂ ಕೂಡಿಸಿಯೇ ಹೇಳುತ್ತಾರೆ. ಅದೇ ಅದರ ಗುಣ. ಅದರ ಸಂಸ್ಕೃತ ಹೆಸರು ‘ಮಾರ್ಗೋಪದೇಶಿಕಾ’. ಅದನ್ನು ಬಿಡಿಸಿ: ‘ಮಾರ್ಗ’ ಮತ್ತು ‘ಉಪದೇಶಿಕಾ’, ಗುಣಸಂಧಿ. ಈ ಓಕಾರ ವಿಸರ್ಗದಿಂದ ಬಂದದ್ದಲ್ಲ, ಅ ಮತ್ತು ಉ ಸೇರಿ ಬಂದದ್ದು.

ಮನೆಗೆ ಒಂದು ವಾಕ್ಯ ಕೊಡುತ್ತೇವೆ; ಮುಂದಿನ ಭಾನುವಾರ ವಿಗ್ರಹ ಮಾಡಿಕೊಂಡು ಬನ್ನಿ: ‘ಏಷ ಬಾಲೋ ವ್ಯಾಘ್ರಾದ್ಬಿಭೇತಿ ಬಾಲಾ ನ ಬಿಭೇತಿ’. ‘ಬಾಲಾ’ ಎಂಬುದು ಹುಡುಗಿಯೇ, ಹುಡುಗರೇ ಎಂಬುದನ್ನು ಕಾರಣಸಹಿತ ಬರೆಯಬೇಕು.